ಊಟಕ್ಕೆ ಮೊದಲನೇ ಪಂಕ್ತಿ: ಕಾಲೆಳೆಯುವ ಮಾತಿನಲ್ಲಿ ಮೂರರ ಲೆಕ್ಕ

ಗೆಳೆಯರು ಕೂಡಿ ಒಬ್ಬನ ಕಾಲೆಳೆಯುವಾಗ ಎಲ್ಲರನ್ನೂ ಒಟ್ಟಿಗೆ ನಗಿಸುವ ಮಾತು ಹೆಚ್ಚಾಗಿ ಮೂರು ತುಂಡುಗಳದ್ದಾಗಿರುತ್ತದೆ. ಮೊದಲೆರಡು ತುಂಡುಗಳು ಒಂದೇ ದಾರಿ ಹಿಡಿದು ಹೋಗುತ್ತವೆ. ಮೂರನೆಯದು ಅದೇ ದಾರಿಯಲ್ಲಿ ಹೊರಟಂತೆ ಕಂಡು ತಟ್ಟನೆ ಬೇರೆ ಕಡೆ ತಿರುಗುತ್ತದೆ. ನಗು ಹುಟ್ಟುವುದು ಆ ತಿರುವಿನಲ್ಲಿ. ಹಾಸ್ಯ ಬರೆಯುವವರು ಇದನ್ನು ಮೂರರ ಸೂತ್ರ ಎನ್ನುತ್ತಾರೆ, ತಿರುವು ತರುವ ಕೊನೆಯ ಮಾತನ್ನು ಪಂಚ್‌ಲೈನ್ ಎನ್ನುತ್ತಾರೆ. ಈ ಸೂತ್ರದ ಹೆಸರು ಕೇಳದವರೂ ಕಟ್ಟೆಯ ಮೇಲೆ, ಹಾಸ್ಟೆಲಿನಲ್ಲಿ, ಚಹಾದಂಗಡಿಯಲ್ಲಿ ದಿನವೂ ಅದನ್ನು ಬಳಸುತ್ತಾರೆ. ಕೆಲವರ ಬಾಯಲ್ಲಿ ಅದು ಗೆಲ್ಲುತ್ತದೆ, ಕೆಲವರ ಬಾಯಲ್ಲಿ ಸಪ್ಪೆಯಾಗುತ್ತದೆ. ಆ ವ್ಯತ್ಯಾಸಕ್ಕೆ ಕಾರಣಗಳಿವೆ, ಒಂದೇ ಒಂದು ಮಾತನ್ನು ಬಿಡಿಸಿ ನೋಡಿದರೂ ಅವು ಕಾಣುತ್ತವೆ.

ಮದುವೆಯ ಹಿಂದಿನ ರಾತ್ರಿಯನ್ನು ತೆಗೆದುಕೊಳ್ಳಬಹುದು. ವರಪೂಜೆ ಮುಗಿದಿದೆ, ಹಿರಿಯರು ಮಲಗಲು ಹೋಗಿದ್ದಾರೆ. ಛತ್ರದ ಮಹಡಿಯ ಕೋಣೆಯಲ್ಲಿ ಜಮಖಾನ ಹಾಸಿಕೊಂಡು ಮದುಮಗನ ಸುತ್ತ ಎಂಟು ಹತ್ತು ಮಂದಿ ಗೆಳೆಯರು ಕೂತಿದ್ದಾರೆ. ಮದುಮಗ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಇನ್ನೂ ಸ್ನಾನಕ್ಕೆ ಹೋಗದಿದ್ದಾಗಲೂ ಫೋನಿನಲ್ಲಿ ‘ಇಲ್ಲೇ ಸಿಗ್ನಲ್ ಹತ್ರ ಇದೀನಿ’ ಎನ್ನುವವನು. ಗುಂಪಿನಲ್ಲಿ ಎಲ್ಲರಿಗೂ ಇದು ಗೊತ್ತು, ಅವನಿಗೂ ಗೊತ್ತು. ಮಾತಿನ ನಡುವೆ ಒಬ್ಬ ಗೆಳೆಯ ಹೀಗೆನ್ನುತ್ತಾನೆ:

‘ಇವನು ಕಾಲೇಜಿಗೆ ಬಂದ್ರೆ ಎರಡನೇ ಪೀರಿಯಡ್ಡು. ಸಿನಿಮಾಕ್ಕೆ ಬಂದ್ರೆ ಇಂಟರ್ವಲ್ಲು. ಮದುವೆ ಊಟಕ್ಕೆ ಬಂದ್ರೆ ಮೊದಲನೇ ಪಂಕ್ತಿ.’

ಮೊದಲ ತುಂಡಿಗೆ ಯಾರೂ ನಗುವುದಿಲ್ಲ. ನಗಬೇಕಾಗಿಯೂ ಇಲ್ಲ. ಅದರ ಕೆಲಸ ವಿಷಯವನ್ನು ಮುಂದಿಡುವುದಷ್ಟೇ. ಇಂಥವನು ತಡವಾಗಿ ಬರುತ್ತಾನೆ ಎಂಬುದು ಕೇಳುವವರ ಮನಸ್ಸಿಗೆ ಬರುತ್ತದೆ, ಆದರೆ ಮುಂದೆ ಮಾತು ಎತ್ತ ಹೋಗುತ್ತದೆಂದು ಇನ್ನೂ ತಿಳಿಯುವುದಿಲ್ಲ. ಓದಿನ ವಿಷಯಕ್ಕೆ ಹೋಗಬಹುದು, ಕಾಲೇಜಿನ ಇನ್ಯಾವುದೋ ಪ್ರಸಂಗಕ್ಕೆ ಹೋಗಬಹುದು. ಎರಡನೇ ತುಂಡು ಬಂದ ಕೂಡಲೇ ಆ ಅನುಮಾನ ತೀರುತ್ತದೆ. ಕಾಲೇಜು ಹೋಗಿ ಸಿನಿಮಾ ಬಂತು, ಪೀರಿಯಡ್ಡು ಹೋಗಿ ಇಂಟರ್ವಲ್ಲು ಬಂತು, ತಡ ಮಾತ್ರ ಹಾಗೇ ಉಳಿಯಿತು. ಒಂದು ಚುಕ್ಕೆಯಿಂದ ಗೆರೆ ಎಳೆಯಲಾಗದು, ಎರಡು ಚುಕ್ಕೆಗಳಿದ್ದರೆ ಎಳೆಯಬಹುದು. ಹಾಗೆಯೇ ಎರಡನೇ ತುಂಡು ಮುಗಿಯುವ ಹೊತ್ತಿಗೆ ಕೇಳುವವನ ಮನಸ್ಸು ತಾನೇ ಗೆರೆಯೊಂದನ್ನು ಎಳೆದುಕೊಂಡು ಮೂರನೇ ಚುಕ್ಕೆ ಎಲ್ಲಿ ಬೀಳಬೇಕೆಂದು ಊಹಿಸಿರುತ್ತದೆ. ‘ಮದುವೆ ಊಟಕ್ಕೆ ಬಂದ್ರೆ’ ಎಂದಾಗ ಕಿವಿ ಕಾಯುವುದು ಕೊನೇ ಪಂಕ್ತಿಗೆ, ಇಲ್ಲವೇ ಎಲೆ ಎತ್ತುವ ಹೊತ್ತಿಗೆ. ಬರುವುದು ಮೊದಲನೇ ಪಂಕ್ತಿ.

ನಿರೀಕ್ಷೆ ಬಿಗಿಯಾಗಿ ಕಟ್ಟಿ ನಿಂತು, ತಟ್ಟನೆ ಏನೂ ಇಲ್ಲವಾದಾಗ ನಗು ಹುಟ್ಟುತ್ತದೆ ಎಂದು ಜರ್ಮನ್ ತತ್ತ್ವಶಾಸ್ತ್ರಜ್ಞ ಇಮ್ಯಾನುಯೆಲ್ ಕಾಂಟ್ 1790ರಲ್ಲಿಯೇ ಬರೆದಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರ್ರಿ ಸಲ್ಸ್ 1972ರಲ್ಲಿ ಅದಕ್ಕೆ ಇನ್ನೊಂದು ಹಂತವನ್ನು ಸೇರಿಸಿದ. ಅವನ ವಿವರಣೆಯಂತೆ ನಗೆಮಾತು ಕೇಳುವವನ ತಲೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲು, ಬಂದದ್ದಕ್ಕೂ ನಿರೀಕ್ಷಿಸಿದ್ದಕ್ಕೂ ತಾಳೆಯಾಗದೆ ಅಚ್ಚರಿಯಾಗುತ್ತದೆ. ಆಮೇಲೆ, ಹಾಗೆ ಬಂದದ್ದೂ ಒಂದು ಬಗೆಯಲ್ಲಿ ಸರಿಯೇ ಎಂಬ ಕಾರಣವನ್ನು ಮನಸ್ಸು ಹುಡುಕಿಕೊಳ್ಳುತ್ತದೆ. ಆ ಕಾರಣ ಸಿಕ್ಕ ಕ್ಷಣದಲ್ಲಿ ನಗು ಬರುತ್ತದೆ. ‘ಮೊದಲನೇ ಪಂಕ್ತಿ’ ಎಂಬ ಮಾತಿಗೆ ಇವೆರಡೂ ಇವೆ. ತಡದ ಸಾಲಿನಲ್ಲಿ ಅದು ಅಚ್ಚರಿ. ಅದರ ಹಿಂದೆ ಅಡಗಿರುವ ಕಾರಣವೋ ಎಲ್ಲರಿಗೂ ಒಂದೇ ಸಲ ಹೊಳೆಯುತ್ತದೆ: ಇವನಿಗೆ ಹೊತ್ತಿಗೆ ಸರಿಯಾಗಿ ಬರಲು ಬರುತ್ತದೆ, ಬರುವ ಮನಸ್ಸಿಲ್ಲ ಅಷ್ಟೇ. ಈ ಮಾತನ್ನು ಹೇಳಿದವನು ಬಾಯಿಬಿಟ್ಟು ಹೇಳಿಲ್ಲ, ಕೇಳಿದವರೇ ಕಂಡುಕೊಂಡಿದ್ದಾರೆ. ಕಾಲೆಳೆಯುವ ಮಾತಿನ ಜೀವ ಇಲ್ಲಿದೆ. ಆರೋಪವನ್ನು ಹೇಳುವವನು ಪೂರ್ತಿ ಮಾಡಿದರೆ ಅದು ಬೈಗುಳವಾಗುತ್ತದೆ, ಕೇಳುವವರಿಗೆ ಪೂರ್ತಿ ಮಾಡಲು ಬಿಟ್ಟರೆ ನಗೆಯಾಗುತ್ತದೆ.

ಬರೀ ಅಚ್ಚರಿ ಸಾಲದು ಎಂಬುದನ್ನು ಒಂದು ಚಿಕ್ಕ ಪರೀಕ್ಷೆಯಿಂದ ತಿಳಿಯಬಹುದು. ಮೂರನೇ ತುಂಡಿನ ಜಾಗದಲ್ಲಿ ‘ಮದುವೆ ಊಟಕ್ಕೆ ಬಂದ್ರೆ ಹಸಿರು ಅಂಗಿ’ ಎಂದಿಟ್ಟರೆ ಅಚ್ಚರಿಯೇನೋ ಆಗುತ್ತದೆ, ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಂಗಿಗೂ ತಡಕ್ಕೂ ನಂಟು ಸಿಗುವುದಿಲ್ಲ. ‘ಆಫೀಸಿಗೆ ಬಂದ್ರೆ ಮಧ್ಯಾಹ್ನ’ ಎಂದಿಟ್ಟರೆ ನಂಟು ಸಿಗುತ್ತದೆ, ಅಚ್ಚರಿ ಇಲ್ಲ. ಮೂರು ದೂರುಗಳ ಪಟ್ಟಿಯಾಯಿತು, ಅಷ್ಟೇ. ಕಾಲೆಳೆಯಲು ಹೊರಟ ಹೆಚ್ಚಿನವರು ಎಡವುವುದು ಈ ಎರಡನೆಯ ಕಡೆ. ಮೂರು ಸಲ ಹೇಳಿದರೆ ನಗೆಮಾತಾಯಿತು ಎಂದುಕೊಂಡು ಒಂದೇ ದೂರನ್ನು ಮೂರು ಸಲ ಹೇಳುತ್ತಾರೆ. ತಡ, ಇನ್ನೂ ತಡ, ಮತ್ತೂ ತಡ ಎಂದರೆ ಮದುಮಗನಿಗೆ ಗದರಿಸಿದಂತಾಗುತ್ತದೆಯೇ ಹೊರತು ಯಾರಿಗೂ ನಗು ಬರುವುದಿಲ್ಲ.

ಹಾಗಾದರೆ ಮೂರೇ ಏಕೆ, ಎರಡಕ್ಕೆ ಅಥವಾ ನಾಲ್ಕಕ್ಕೆ ಏಕಾಗದು? ‘ಕಾಲೇಜಿಗೆ ಬಂದ್ರೆ ಎರಡನೇ ಪೀರಿಯಡ್ಡು, ಊಟಕ್ಕೆ ಬಂದ್ರೆ ಮೊದಲನೇ ಪಂಕ್ತಿ’ ಎಂದು ಎರಡಕ್ಕೇ ನಿಲ್ಲಿಸಿದರೆ ಮಾತು ಹೋಲಿಕೆಯಾಗುತ್ತದೆ. ಕೇಳುವವನ ಮನಸ್ಸು ಇನ್ನೂ ಗೆರೆ ಎಳೆದಿಲ್ಲ, ಎಳೆಯದ ಗೆರೆಯನ್ನು ಮುರಿಯುವುದು ಹೇಗೆ? ತುಟಿಯಂಚಿನ ನಗು ಸಿಕ್ಕರೂ ಕೋಣೆ ತುಂಬುವ ನಗು ಸಿಗುವುದಿಲ್ಲ. ಇನ್ನು ಕಾಲೇಜು, ಸಿನಿಮಾಗಳ ಜೊತೆಗೆ ಆಫೀಸು, ಬಸ್‌ಸ್ಟ್ಯಾಂಡುಗಳನ್ನೂ ಸೇರಿಸಿ ಐದನೆಯದಕ್ಕೆ ಊಟವನ್ನು ತಂದರೆ ಬೇರೆ ತೊಂದರೆ. ಮೂರನೆಯದೂ ಸಾಲಿನಲ್ಲೇ ಹೋದಾಗ ಕೇಳುವವರಿಗೆ ಗುಮಾನಿ ಬರುತ್ತದೆ, ಇವನು ಸುಮ್ಮನೆ ಪಟ್ಟಿ ಕೊಡುತ್ತಿಲ್ಲ, ಎಲ್ಲೋ ತಿರುಗಿಸುತ್ತಾನೆ ಎಂದು. ಗುಂಪಿನಲ್ಲಿ ಚುರುಕಾದವನೊಬ್ಬ ಇದ್ದೇ ಇರುತ್ತಾನೆ, ‘ಊಟ ಬಂತು ನೋಡು’ ಎಂದು ಅವನೇ ಮೊದಲು ಹೇಳಿಬಿಡುತ್ತಾನೆ. ದಾರಿ ಗೊತ್ತಾಗಲು ಎರಡು ಬೇಕು, ತಿರುಗಲು ಒಂದು ಬೇಕು. ಅದಕ್ಕಿಂತ ಕಡಿಮೆಯಾದರೆ ಕಟ್ಟಡ ನಿಲ್ಲದು, ಹೆಚ್ಚಾದರೆ ಗುಟ್ಟು ಉಳಿಯದು.

ಮೂರಕ್ಕೆ ಮುಕ್ತಾಯ ಎಂಬ ಮಾತು ಕನ್ನಡದ ಕಿವಿಗೆ ಹಳೆಯದು. ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜನಿಗೆ ಮೂವರು ಮಕ್ಕಳಿರುತ್ತಾರೆ, ಮೊದಲಿಬ್ಬರು ಹೋಗಿ ಸೋತು ಬರುತ್ತಾರೆ, ಮೂರನೆಯವನು ಬೇರೆ ದಾರಿ ಹಿಡಿಯುತ್ತಾನೆ. ಸರ್ವಜ್ಞನ ಮಾತುಗಳು ನಿಂತಿರುವುದು ಮೂರು ಸಾಲಿನ ತ್ರಿಪದಿಯಲ್ಲಿ. ತ್ರಿಪದಿಯ ಬಹಳ ಹಳೆಯ ಉದಾಹರಣೆ ಬಾದಾಮಿಯಲ್ಲಿ ಬಂಡೆಯ ಮೇಲಿದೆ, ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನದಲ್ಲಿ. ಅಲ್ಲಿ ಆ ವೀರನ ಸ್ವಭಾವವನ್ನು ಹೇಳುವ ಪದ್ಯ ಒಳ್ಳೆಯವರಿಗೆ ಅವನು ಒಳ್ಳೆಯವನು, ಸಿಹಿಯಾದವರಿಗೆ ಸಿಹಿ ಎಂದು ಎರಡು ಹೆಜ್ಜೆ ಒಂದೇ ನಡಿಗೆಯಲ್ಲಿಟ್ಟು, ಮೂರನೆಯದಕ್ಕೆ ಪೀಡಿಸುವವನ ಕಡೆ ತಿರುಗಿ ಅವನ ಉಗ್ರರೂಪವನ್ನು ಕಾಣಿಸುತ್ತದೆ. ಅದು ನಗೆಮಾತಲ್ಲ. ಆದರೂ ಎರಡು ಸಲ ಒಂದೇ ದಾರಿ, ಮೂರನೇ ಸಲ ತಿರುವು ಎಂಬ ಎರಕ ಅಲ್ಲಿ ಸ್ಪಷ್ಟವಾಗಿದೆ. ಛತ್ರದ ಕೋಣೆಯಲ್ಲಿ ಕಾಲೆಳೆಯುವವನು ಎರವಲು ತಂದ ಎರಕದಲ್ಲಿ ಮಾತಾಡುತ್ತಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ರೋಸ್ಟ್ ಎಂಬ ಹೆಸರು ಮಾತ್ರ ಹೊರಗಿನದು. ಒಬ್ಬರನ್ನು ಗೌರವಿಸಲೆಂದೇ ಊಟಕ್ಕೆ ಕೂರಿಸಿ, ಅವರ ಗೆಳೆಯರು ಸರದಿಯಲ್ಲಿ ಎದ್ದು ಅವರ ಕಾಲೆಳೆಯುವ ಪದ್ಧತಿಯನ್ನು ಹೆಸರುವಾಸಿ ಮಾಡಿದ್ದು ನ್ಯೂಯಾರ್ಕಿನ ಫ್ರೈಯರ್ಸ್ ಕ್ಲಬ್, 1904ರಲ್ಲಿ ಹುಟ್ಟಿದ ಸಂಸ್ಥೆ. ಪ್ರೀತಿಸುವವರನ್ನು ಮಾತ್ರ ರೋಸ್ಟ್ ಮಾಡುತ್ತೇವೆ ಎಂಬುದು ಆ ಕ್ಲಬ್ಬಿನವರ ಮಾತು. ಮುಂದೆ ಟಿವಿಗೆ ಬಂದಾಗ ರೋಸ್ಟ್ ದೊಡ್ಡ ವೇದಿಕೆಯ ಆಟವಾಯಿತು, ಮಾತು ಬರೆದುಕೊಡುವ ವೃತ್ತಿಯವರು ಬಂದರು. ಇಲ್ಲಿ ಹೇಳುತ್ತಿರುವುದು ಆ ಬಗೆಯ ವೇದಿಕೆಯನ್ನು ಕುರಿತಲ್ಲ. ಕೂತವರೆಲ್ಲ ಒಬ್ಬರನ್ನೊಬ್ಬರು ಬಲ್ಲ ಕೋಣೆಯನ್ನು ಕುರಿತು.

ಮತ್ತೆ ಆ ಮೂರು ತುಂಡುಗಳ ಹತ್ತಿರ ಬಂದರೆ, ಅವು ಒಂದೇ ಅಚ್ಚಿನಲ್ಲಿ ಒತ್ತಿದಂತಿರುವುದು ಕಾಣುತ್ತದೆ. ‘ಇಂಥದ್ದಕ್ಕೆ ಬಂದ್ರೆ ಇಂಥದ್ದು’ ಎಂಬುದೇ ಅಚ್ಚು. ಕಾಲೇಜಿಗೆ ಪೀರಿಯಡ್ಡು ಹೇಗೋ ಸಿನಿಮಾಕ್ಕೆ ಇಂಟರ್ವಲ್ಲು ಹಾಗೆ, ಊಟಕ್ಕೆ ಪಂಕ್ತಿ ಹಾಗೆ. ಮೂರೂ ಹೊತ್ತನ್ನು ಅಳೆಯುವ ಮಾತುಗಳೇ, ಆದರೆ ಒಂದರಲ್ಲೂ ಗಂಟೆ ನಿಮಿಷಗಳಿಲ್ಲ. ಇದೇ ಮಾತಿನ ಮೊದಲ ಕರಡು ಹೀಗಿದ್ದಿರಬಹುದು: ‘ಕಾಲೇಜಿಗೆ ಒಂದು ಗಂಟೆ ಲೇಟು, ಸಿನಿಮಾಕ್ಕೆ ಒಂದೂವರೆ ಗಂಟೆ ಲೇಟು, ಊಟಕ್ಕೆ ಮಾತ್ರ ಹತ್ತು ನಿಮಿಷ ಮುಂಚೆ.’ ವಿಷಯ ಒಂದೇ, ತಿರುವೂ ಒಂದೇ, ಆದರೂ ಇದು ಅರ್ಧದಷ್ಟೂ ನಗಿಸುವುದಿಲ್ಲ. ಒಂದು ಗಂಟೆ ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಇಂಟರ್ವಲ್ಲು ಎಂದ ಕೂಡಲೇ ಕೈಯಲ್ಲಿ ಪಾಪ್‌ಕಾರ್ನ್ ಹಿಡಿದು ಎದ್ದವರ ನಡುವೆ ಸೀಟು ಹುಡುಕುತ್ತ ಬರುವವನು ಕಾಣುತ್ತಾನೆ. ಮೊದಲನೇ ಪಂಕ್ತಿ ಎಂದ ಕೂಡಲೇ ಎಲೆಗೆ ನೀರು ಚಿಮುಕಿಸಿಕೊಂಡು ಉಪ್ಪು ಬಡಿಸುವವನ ದಾರಿ ನೋಡುತ್ತ ಕೂತವನು ಕಾಣುತ್ತಾನೆ. ನಗುವುದು ಆ ಚಿತ್ರಕ್ಕೆ.

ಆ ಕರಡಿನಲ್ಲಿ ಇನ್ನೊಂದು ದೋಷವಿದೆ, ಅದು ‘ಮಾತ್ರ’ ಎಂಬ ಒಂದೇ ಪದದಲ್ಲಿದೆ. ‘ಊಟಕ್ಕೆ ಮಾತ್ರ’ ಎಂದೊಡನೆ ಕೇಳುವವನಿಗೆ ಮುಂದೆ ಬರುವುದು ಬೇರೆ ಎಂದು ತಿಳಿದುಹೋಗುತ್ತದೆ. ‘ಆದರೆ’ ಎಂಬ ಪದವೂ ಹೀಗೆಯೇ ಗುಟ್ಟು ಬಿಟ್ಟುಕೊಡುತ್ತದೆ. ಬರಹದಲ್ಲಿ ವಾದವನ್ನು ಸ್ಪಷ್ಟಪಡಿಸಲು ಈ ಪದಗಳು ಬೇಕೇ ಬೇಕು. ಕಾಲೆಳೆಯುವ ಮಾತಿನಲ್ಲಿ ಇವು ಬಾಗಿಲಲ್ಲೇ ನಿಂತು ಬರುವವರ ಹೆಸರು ಕೂಗಿದಂತೆ. ಮೂರನೇ ತುಂಡು ಮೊದಲೆರಡರ ವೇಷದಲ್ಲೇ ಒಳಗೆ ಬರಬೇಕು, ಕೊನೆಯ ಪದದಲ್ಲಿ ವೇಷ ಕಳಚಬೇಕು.

ಕೊನೆಯ ಪದ ಎಂಬ ಮಾತಿನಲ್ಲಿ ಕನ್ನಡಕ್ಕೆ ಒಂದು ತೊಡಕಿದೆ. ಅಚ್ಚರಿಯ ಪದ ವಾಕ್ಯದ ತುದಿಯಲ್ಲಿರಬೇಕು, ಅದರ ಆಚೆ ಏನೂ ಇರಬಾರದು ಎಂಬುದು ಪಂಚ್‌ಲೈನಿನ ನಿಯಮ. ಕನ್ನಡದ ವಾಕ್ಯದಲ್ಲಿ ತುದಿಯ ಜಾಗ ಕ್ರಿಯಾಪದದ್ದು. ‘ಮದುವೆ ಊಟಕ್ಕೆ ಬಂದರೆ ಮೊದಲನೇ ಪಂಕ್ತಿಯಲ್ಲಿ ಕೂತಿರುತ್ತಾನೆ’ ಎಂದರೆ ವ್ಯಾಕರಣಕ್ಕೆ ಸರಿ, ಆದರೆ ಜನ ‘ಪಂಕ್ತಿ’ಗೆ ನಗಲು ಬಾಯಿ ತೆರೆಯುವಾಗ ‘ಯಲ್ಲಿ ಕೂತಿರುತ್ತಾನೆ’ ಎಂಬ ಬಾಲ ಇನ್ನೂ ಬರುತ್ತಿರುತ್ತದೆ. ನಗು ಆ ಬಾಲಕ್ಕೆ ತಡೆದು ನಿಲ್ಲುತ್ತದೆ, ನಿಂತ ನಗು ಅರ್ಧ ಆರುತ್ತದೆ. ಅದೃಷ್ಟಕ್ಕೆ ಈ ತೊಡಕಿಗೆ ಪರಿಹಾರವೂ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ಪೂರ್ತಿಯಾಗಬಲ್ಲದು. ‘ಅವನು ಡಾಕ್ಟರು’ ಎಂದರೆ ಸಾಕು, ಮುಂದೆ ಏನೂ ಬೇಡ. ಅದೇ ಸೌಲಭ್ಯವನ್ನು ಹಿಡಿದು ಕ್ರಿಯಾಪದವನ್ನು ‘ಬಂದ್ರೆ’ ಎಂದು ಮೊದಲೇ ಮುಗಿಸಿ, ನಾಮಪದವನ್ನು ತುದಿಗೆ ತಳ್ಳಿದಾಗ ‘ಮೊದಲನೇ ಪಂಕ್ತಿ’ ಕೊನೆಯ ಪದವಾಗಿ ನಿಲ್ಲುತ್ತದೆ. ಹೀಗೆ ಮಾಡುವುದಿದ್ದರೆ ಮೊದಲೆರಡು ತುಂಡುಗಳನ್ನೂ ಹಾಗೆಯೇ ಕಟ್ಟಬೇಕು. ಮೊದಲೆರಡು ‘ಬರ್ತಾನೆ’ ಎಂದು ಮುಗಿದು ಮೂರನೆಯದು ಮಾತ್ರ ನಾಮಪದದಲ್ಲಿ ನಿಂತರೆ ಅಚ್ಚು ಒಡೆದು, ಕಿವಿ ಮುಂಚೆಯೇ ಎಚ್ಚರಗೊಳ್ಳುತ್ತದೆ.

ಇನ್ನೊಂದು ದಾರಿ ಕ್ರಿಯಾಪದವನ್ನೇ ಅಚ್ಚರಿಯಾಗಿಸುವುದು. ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಕಾಣೆಯಾಗುವ ಗೆಳೆಯನೊಬ್ಬ ಹೆಚ್ಚುಕಡಿಮೆ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನ ಮೇಲೆ ಹೀಗೊಂದು ಮಾತು ಕಟ್ಟಬಹುದು: ‘ಪೆನ್ನು ಕೇಳಿದ್ವಾ, ಕೊಟ್ಟ. ಬೈಕ್ ಕೇಳಿದ್ವಾ, ಕೊಟ್ಟ. ಬಿಲ್ ಬಂತಾ, ಕೈ ತೊಳೆಯೋಕೆ ಹೋದ.’ ಇಲ್ಲಿ ‘ಕೊಟ್ಟ’ ಎಂಬುದು ಎರಡು ಸಲ ಬಂದು ಮೂರನೇ ಸಲವೂ ಬರಬೇಕಾದ ಜಾಗದಲ್ಲಿ ‘ಹೋದ’ ಬರುತ್ತದೆ. ಎರಡೂ ಎರಡಕ್ಷರದ ಪದಗಳು, ಎರಡೂ ಭೂತಕಾಲ, ಆದ್ದರಿಂದ ಲಯ ಕೆಡದೆ ಅರ್ಥ ಮಾತ್ರ ತಿರುಗುತ್ತದೆ. ಈ ಮಾತಿನಲ್ಲಿ ಮೊದಲೆರಡು ತುಂಡುಗಳು ಗೆಳೆಯನನ್ನು ಹೊಗಳುತ್ತವೆ ಎಂಬುದನ್ನೂ ಗಮನಿಸಬೇಕು. ತಡದ ಮಾತಿನಲ್ಲಿ ಎರಡು ದೂರಿನ ಮೇಲೆ ಒಂದು ತಿರುವು, ಇಲ್ಲಿ ಎರಡು ಹೊಗಳಿಕೆಯ ಮೇಲೆ ಒಂದು ತಿರುವು. ಗೆಳೆಯರ ನಡುವೆ ಎರಡನೆಯ ಬಗೆ ಹೆಚ್ಚು ಹಿತ. ಪೆನ್ನು ಕೊಟ್ಟದ್ದೂ ನಿಜ, ಬೈಕು ಕೊಟ್ಟದ್ದೂ ನಿಜ ಎಂದು ಎಲ್ಲರೂ ಒಪ್ಪಿದ ಮೇಲೆ ಬರುವ ಚುಚ್ಚು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಕನ್ನಡ ಕೊಟ್ಟಿರುವ ಮತ್ತೊಂದು ಸಲಕರಣೆ ಏಕವಚನ ಬಹುವಚನಗಳ ಆಟ. ‘ಲೋ’, ‘ಮಗಾ’, ‘ಗುರೂ’ ಎಂದು ಕರೆಯುವ ಗೆಳೆಯನನ್ನು ಆ ಒಂದು ಮಾತಿನ ಮಟ್ಟಿಗೆ ‘ಸಾಹೇಬ್ರು’ ಮಾಡಿದರೆ ಸಾಕು, ಕೋಣೆಗೆ ಸೂಚನೆ ಹೋಗುತ್ತದೆ. ‘ಸಾಹೇಬ್ರು ಕಾಲೇಜಿಗೆ ದಯಮಾಡ್ಸಿದ್ರೆ ಎರಡನೇ ಪೀರಿಯಡ್ಡು’ ಎಂದಾಗ ಆಡುತ್ತಿರುವುದು ಆಟದ ಮಾತು, ಜಗಳದ್ದಲ್ಲ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಬಹುವಚನದಲ್ಲಿ ಶುರುಮಾಡಿದವನು ಮೂರನೇ ತುಂಡಿನಲ್ಲಿ ಏಕವಚನಕ್ಕೆ ಇಳಿದರೆ ಅದೇ ಒಂದು ತಿರುವಾಗುತ್ತದೆ. ಹಿರಿಯರು ಕೂತಿರುವಲ್ಲಿ ಈ ಆಟ ಬೇಡ. ಅಣಕದ ಮರ್ಯಾದೆ ಎಲ್ಲಿ ಮುಗಿಯಿತು, ನಿಜವಾದ ಮರ್ಯಾದೆ ಎಲ್ಲಿ ಶುರುವಾಯಿತು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಹೇಳುವ ರೀತಿಯ ಬಗ್ಗೆ ಒಂದು ನಂಬಿಕೆ ಎಲ್ಲೆಡೆ ಇದೆ, ಪಂಚ್‌ಲೈನಿಗೆ ಮುಂಚೆ ಚೆನ್ನಾಗಿ ನಿಲ್ಲಿಸಬೇಕು, ಧ್ವನಿ ಏರಿಸಬೇಕು ಎಂದು. ಲೂಸಿ ಪಿಕರಿಂಗ್, ಸಾಲ್ವತೋರೆ ಅತ್ತಾರ್ದೊ ಮತ್ತು ಅವರ ಜೊತೆಗಾರರು ಜನ ನಗೆಮಾತು ಹೇಳುವುದನ್ನು ಧ್ವನಿಮುದ್ರಿಸಿ ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಆಧಾರ ಸಿಗಲಿಲ್ಲ. ಪಂಚ್‌ಲೈನನ್ನು ಜನ ಹೆಚ್ಚು ಜೋರಾಗಿಯೋ ಎತ್ತರದ ದನಿಯಲ್ಲಿಯೋ ಹೇಳುತ್ತಿರಲಿಲ್ಲ, ಅದಕ್ಕೆ ಮುಂಚೆ ವಿಶೇಷವಾಗಿ ನಿಲ್ಲಿಸುತ್ತಲೂ ಇರಲಿಲ್ಲ. ಮೂರರ ಸೂತ್ರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮೊದಲ ತುಂಡಿಗೂ ಎರಡನೆಯದಕ್ಕೂ ನಡುವೆ ಎಷ್ಟು ಬಿಡುವು ಕೊಟ್ಟಿತ್ತೋ ಎರಡನೆಯದಕ್ಕೂ ಮೂರನೆಯದಕ್ಕೂ ಅಷ್ಟೇ ಕೊಟ್ಟರೆ ಕಿವಿಗೆ ಸುಳಿವು ಸಿಗುವುದಿಲ್ಲ. ನಿಲ್ಲಿಸಬೇಕಾದ್ದು ಆಮೇಲೆ. ‘ಪಂಕ್ತಿ’ ಎಂದ ಮೇಲೆ ಬಾಯಿ ಮುಚ್ಚಿಕೊಂಡು ಸುಮ್ಮನಿರುವುದು ಹೇಳಲು ಸುಲಭ, ಮಾಡಲು ಕಷ್ಟ. ಅರ್ಧ ಕ್ಷಣದ ಮೌನಕ್ಕೆ ಹೆದರಿ ‘ಅಂದ್ರೆ ಊಟ ಅಂದ್ರೆ ಬೇಗ ಬರ್ತಾನೆ ಅಂತ’ ಎಂದು ವಿವರಣೆ ಕೊಟ್ಟವನು ಕೇಳುವವರು ಮಾಡಬೇಕಾದ ಕೆಲಸವನ್ನು ತಾನೇ ಮಾಡಿ ಅವರ ನಗುವನ್ನು ಕಿತ್ತುಕೊಳ್ಳುತ್ತಾನೆ.

ಇಷ್ಟೆಲ್ಲ ಸರಿಯಿದ್ದೂ ಮಾತು ಕೆಡುವ ಜಾಗವೊಂದಿದೆ. ಅದನ್ನು ಸಾವಕಾಶವಾಗಿ ನೋಡಬೇಕು, ಏಕೆಂದರೆ ಅಲ್ಲಿ ಕೆಟ್ಟರೆ ಕೆಡುವುದು ಮಾತೊಂದೇ ಅಲ್ಲ, ಗೆಳೆತನವೂ ಹೌದು. ಅದೇ ಅಚ್ಚಿನಲ್ಲಿ ಇನ್ನೊಂದು ಮೂರನೇ ತುಂಡನ್ನು ಇಟ್ಟು ನೋಡಬಹುದು: ‘ಕಾಲೇಜಿಗೆ ಬಂದ್ರೆ ಎರಡನೇ ಪೀರಿಯಡ್ಡು. ಸಿನಿಮಾಕ್ಕೆ ಬಂದ್ರೆ ಇಂಟರ್ವಲ್ಲು. ಮದುವೆಗೆ ಬಂದ್ರೆ ಮೂವತ್ತೆಂಟು.’ ಕಟ್ಟಡದಲ್ಲಿ ಕುಂದಿಲ್ಲ. ಅಚ್ಚು ಹೊಂದಿದೆ, ತುದಿಯ ಪದ ತುದಿಯಲ್ಲೇ ಇದೆ, ಹೊತ್ತನ್ನು ಅಳೆಯುತ್ತಿದ್ದ ಮಾತು ತಟ್ಟನೆ ವಯಸ್ಸನ್ನು ಅಳೆಯುವ ತಿರುವೂ ಜಾಣತನದ್ದೇ. ಆದರೆ ಆ ಮೂವತ್ತೆಂಟರ ಹಿಂದೆ ತಂಗಿಯರ ಮದುವೆ ಇರಬಹುದು, ತೀರಿಸಬೇಕಿದ್ದ ಸಾಲ ಇರಬಹುದು, ಒಪ್ಪಿಗೆಯಾಗದೆ ಹೋದ ಹತ್ತಾರು ಸಂಬಂಧಗಳು ಇರಬಹುದು. ತಡವಾಗಿ ಏಳುವುದು ಅವನು ಆರಿಸಿಕೊಂಡದ್ದು, ತಡವಾಗಿ ಮದುವೆಯಾದದ್ದು ಅವನು ಆರಿಸಿಕೊಂಡದ್ದಲ್ಲ.

ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ ಎಂಬ ಅಮೆರಿಕದ ಸಂಶೋಧಕರು 2010ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ನೆರವಾಗುತ್ತದೆ. ಅವರ ಪ್ರಕಾರ ಯಾವುದೋ ಒಂದು ಮರ್ಯಾದೆ ಅಥವಾ ನಿಯಮ ಮುರಿದಂತೆ ಕಾಣಬೇಕು, ಅದೇ ಹೊತ್ತಿಗೆ ಅದರಿಂದ ಯಾರಿಗೂ ಕೇಡಿಲ್ಲ ಎಂದೂ ಕಾಣಬೇಕು, ಎರಡೂ ಒಟ್ಟಿಗೆ ಕಂಡಾಗ ನಗು ಬರುತ್ತದೆ. ಊಟಕ್ಕೆ ಮೊದಲು ಓಡುತ್ತಾನೆ ಎಂದು ನಾಲ್ಕು ಜನರೆದುರು ಹೇಳುವುದು ಮರ್ಯಾದೆ ಮುರಿಯುವ ಮಾತೇ, ಆದರೆ ಕೇಡಿಲ್ಲ. ಮೂವತ್ತೆಂಟರ ಮಾತಿನಲ್ಲಿ ಮುರಿದದ್ದು ಉಳಿಯುತ್ತದೆ, ಕೇಡಿಲ್ಲವೆಂಬ ಭರವಸೆ ಹೋಗುತ್ತದೆ. ಮೈಬಣ್ಣ, ಜಾತಿ, ಸಂಬಳ, ಕಾಯಿಲೆ, ಮಕ್ಕಳಾಗದಿರುವುದು, ಹೆಂಡತಿಯ ಮನೆಯವರು ಇವನ್ನು ಮೂರನೇ ತುಂಡಿಗೆ ತರಲೇಬಾರದು ಎಂಬುದಕ್ಕೆ ಕಾರಣ ಇದೇ.

ಮೂರರ ಸೂತ್ರ ಇಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಮೊದಲೆರಡು ತುಂಡುಗಳು ಹಗುರವಾಗಿರುವುದರಿಂದ ಕಾಲೆಳೆಸಿಕೊಳ್ಳುವವನು ಸಡಿಲವಾಗಿ ಕೂತಿರುತ್ತಾನೆ, ಬಹುಶಃ ಮುಗುಳ್ನಗುತ್ತಲೂ ಇರುತ್ತಾನೆ. ಎಲ್ಲರ ಕಿವಿ ಮೂರನೆಯದರ ಮೇಲಿರುತ್ತದೆ. ಆ ಜಾಗದಲ್ಲಿ ಇಟ್ಟದ್ದು ಹೂವಾದರೂ ಮುಳ್ಳಾದರೂ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಅತಿ ಖಾರದ ಮಾತನ್ನು ಕೊನೆಗೆ ಉಳಿಸಿಕೊಳ್ಳುವ ಅಭ್ಯಾಸ ತಪ್ಪು. ಗೆಳೆಯರ ನಡುವೆ ಮೂರನೇ ಜಾಗ ಅತ್ಯಂತ ನಿರುಪದ್ರವಿಯಾದ ಸತ್ಯಕ್ಕೆ ಮೀಸಲಾಗಿರಬೇಕು.

ಮಾತು ತಪ್ಪಿತೆಂದು ತಿಳಿಯುವುದೂ ಕಷ್ಟವಲ್ಲ. ಗೆದ್ದ ಮಾತಿಗೆ ಕಾಲೆಳೆಸಿಕೊಂಡವನೂ ಉಳಿದವರೂ ಒಟ್ಟಿಗೆ ನಗುತ್ತಾರೆ, ಎಷ್ಟೋ ಸಲ ಅವನೇ ಮೊದಲು ನಗುತ್ತಾನೆ. ತಪ್ಪಿದ ಮಾತಿಗೆ ಹತ್ತಿರ ಕೂತವರು ನಗುವ ಮುಂಚೆ ಒಂದು ಕ್ಷಣ ಅವನ ಮುಖ ನೋಡುತ್ತಾರೆ. ನಗು ಅಂಚಿನಿಂದ, ಅವನನ್ನು ಅಷ್ಟಾಗಿ ಬಲ್ಲದವರಿಂದ ಶುರುವಾಗುತ್ತದೆ. ಅವನು ನಗುತ್ತಾನೆ, ಆದರೆ ಕೈ ಫೋನಿನ ಕಡೆ ಹೋಗುತ್ತದೆ. ಹಾಗಾದಾಗ ‘ತಮಾಷೆಗೆ ಹೇಳಿದ್ದು’ ಎಂದು ಸಮರ್ಥಿಸಿಕೊಳ್ಳುವುದು ಗಾಯವನ್ನು ಇನ್ನಷ್ಟು ಕೆರೆದಂತೆ. ಮಾತು ಬದಲಿಸಿ, ಮುಂದಿನ ಮೂರು ತುಂಡುಗಳಲ್ಲಿ ತನ್ನ ಕಾಲನ್ನು ತಾನೇ ಎಳೆದುಕೊಳ್ಳುವುದು ಗೆಳೆಯರಿಗೆ ಗೊತ್ತಿರುವ ಹಳೆಯ ಮದ್ದು. ಆಮೇಲೆ ಇಬ್ಬರೇ ಇರುವಾಗ ‘ತಪ್ಪಾಯ್ತು ಕಣೋ’ ಎನ್ನುವುದು ಇನ್ನೂ ದೊಡ್ಡದು.

ಕೋಣೆಗೆ ಹೊಸಬರು ಬಂದಾಗ ಮೊದಲೆರಡು ತುಂಡುಗಳಿಗೆ ಇನ್ನೊಂದು ಕೆಲಸ ಸಿಗುತ್ತದೆ. ಮದುಮಗಳ ಅಣ್ಣ ಬಂದು ಕೂತಿದ್ದಾನೆ ಎನ್ನೋಣ. ಅವನಿಗೆ ಭಾವನಾಗುವವನ ತಡದ ಕಥೆ ಗೊತ್ತಿಲ್ಲ. ‘ಎರಡನೇ ಪೀರಿಯಡ್ಡು’, ‘ಇಂಟರ್ವಲ್ಲು’ ಎಂಬ ಎರಡು ಮಾತು ಅವನಿಗೆ ಆ ಕಥೆಯನ್ನು ಹೇಳಿ ಮುಗಿಸುತ್ತವೆ, ಮೂರನೆಯದಕ್ಕೆ ಅವನೂ ಉಳಿದವರ ಜೊತೆ ನಗಬಲ್ಲ. ಮೂರನೇ ತುಂಡಿಗೆ ಮೊದಲೆರಡರಲ್ಲಿ ಇಲ್ಲದ ಹಿನ್ನೆಲೆ ಬೇಕಾದರೆ, ಉದಾಹರಣೆಗೆ ಗೋಕರ್ಣ ಪ್ರವಾಸದಲ್ಲಿ ನಡೆದದ್ದು ಗೊತ್ತಿದ್ದರೆ ಮಾತ್ರ ಅರ್ಥವಾಗುವಂತಿದ್ದರೆ, ಅವನು ಹೊರಗುಳಿಯುತ್ತಾನೆ. ಬೀಗರ ಕಡೆಯವರು ಎದುರಿಗಿದ್ದಾಗ ಹಾಗೆ ಹೊರಗುಳಿಸುವುದು ಸಲ್ಲದು.

ಒಂದು ರಾತ್ರಿಯಲ್ಲಿ ಈ ಅಚ್ಚನ್ನು ಎಷ್ಟು ಸಲ ಬಳಸಬಹುದು? ಎರಡು, ಹೆಚ್ಚೆಂದರೆ ಮೂರು ಸಲ. ಅಷ್ಟರಲ್ಲಿ ಕೂತವರಿಗೆ ಅಚ್ಚೇ ಅಭ್ಯಾಸವಾಗಿ, ಎರಡನೇ ತುಂಡಿಗೇ ತಿರುವನ್ನು ಕಾಯತೊಡಗುತ್ತಾರೆ. ಆಗ ಬಲ್ಲವರು ಹೊಸ ಮೂರನ್ನು ಕಟ್ಟುವುದಿಲ್ಲ, ಹಳೆಯ ಮೂರನೆಯದನ್ನು ಮರಳಿ ಕರೆಯುತ್ತಾರೆ. ‘ಮೊದಲನೇ ಪಂಕ್ತಿ’ ಎಂಬ ಎರಡು ಪದ ಈಗ ಗುಂಪಿನ ಆಸ್ತಿ. ಅರ್ಧ ಗಂಟೆಯ ಮೇಲೆ ಯಾರೋ ತಟ್ಟೆಯಲ್ಲಿ ಚಿರೋಟಿ ತಂದಿಡುತ್ತಾರೆ, ಮದುಮಗನ ಕೈ ಮೊದಲು ಮುಂದಕ್ಕೆ ಬರುತ್ತದೆ, ಮೂಲೆಯಿಂದ ಒಬ್ಬ ‘ಮೊದಲನೇ ಪಂಕ್ತಿ’ ಎನ್ನುತ್ತಾನೆ. ಈ ಸಲ ಪೀಠಿಕೆ ಬೇಕಿಲ್ಲ, ಮೊದಲಿನದಕ್ಕಿಂತ ಜೋರಾದ ನಗು ಬರುತ್ತದೆ. ಹೇಳಿದ್ದು ಒಂದು ಸಲ, ಮರಳಿ ಕರೆದದ್ದು ಒಂದು ಸಲ. ಮೂರನೇ ಸಲ ಕರೆಯುವಾಗ ಅದನ್ನೇ ತಿರುಗಿಸಬೇಕು, ಏಕೆಂದರೆ ಈಗ ಇಡೀ ರಾತ್ರಿಯೇ ಮೂರು ತುಂಡುಗಳ ಒಂದು ಮಾತಾಗಿರುತ್ತದೆ.

ಮದುವೆಯ ದಿನ ಮದುಮಕ್ಕಳು ಶಾಸ್ತ್ರ ಮುಗಿಸಿ, ಬಂದವರ ಜೊತೆ ನಿಂತು ಫೋಟೋ ತೆಗೆಸಿಕೊಂಡು, ಉಡುಗೊರೆ ಹಿಡಿದು ಸಾಲುಗಟ್ಟಿದವರಿಗೆಲ್ಲ ಕೈಮುಗಿದು ಊಟಕ್ಕೆ ಬರುವ ಹೊತ್ತಿಗೆ ನೆಂಟರೆಲ್ಲ ಉಂಡು ಎದ್ದಿರುತ್ತಾರೆ. ಇದು ಎಲ್ಲರೂ ಕಂಡದ್ದು. ಮಲಗಲು ಏಳುವ ಮುಂಚೆ ಮೊದಲು ಮಾತೆತ್ತಿದ ಗೆಳೆಯ ಮದುಮಗನ ಹೆಗಲ ಮೇಲೆ ಕೈಯಿಟ್ಟು ಅದನ್ನೇ ಹೇಳಿದರೆ ಸಾಕು: ‘ನಾಳೆ ಒಂದು ದಿನ ತಡ್ಕೋ ಮಗಾ. ನಿಂಗೆ ಕೊನೇ ಪಂಕ್ತಿ.’